‘ಅಲ್ಲ’ವನ್ನು ನುಂಗಿದ ಪಿಟೀಲು!

ಪರದೆ ಹಿಂದಿನ ಸದ್ದು — ಪ್ರತಿ ವಾರದ ಅಂಕಣ

ಮಾತು ಬಂದಾಗ ಸಂಗೀತ ಪಕ್ಕಕ್ಕೆ ಸರಿಯಬೇಕು, ಮಾತು ನಿಂತಾಗ ಮತ್ತೆ ಮುಂದೆ ಬರಬೇಕು. ಕೇಳೋದಕ್ಕೆ ಎಷ್ಟು ಸುಲಭ, ಅಲ್ಲವೇ? ಬಸ್ಸಿನಲ್ಲಿ ವಯಸ್ಸಾದವರು ಹತ್ತಿದರೆ ಎದ್ದು ಸೀಟು ಬಿಡುವಷ್ಟೇ ಸುಲಭ. ಆದರೆ ಯಾವಾಗ ಏಳಬೇಕು, ಎಷ್ಟು ಸರಿಯಬೇಕು, ಯಾವಾಗ ಮತ್ತೆ ಕೂರಬೇಕು ಎಂಬುದರಲ್ಲೇ ಇದೆ ಕಣ್ರೀ ಮಜಾ! ಅದನ್ನು ತಪ್ಪಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಈ ವಾರ ನಮ್ಮ ಓದುಗರೇ ಒಂದು ಉದಾಹರಣೆ ಕಳಿಸಿದ್ದಾರೆ.

ಮೂವರು ಗೆಳೆಯರು. ಒಬ್ಬ ಮಂಡ್ಯದವನು, ಒಬ್ಬ ಮದ್ದೂರಿನವನು, ಇನ್ನೊಬ್ಬ ಮಳವಳ್ಳಿಯವನು. ಮೂರೂ ಊರು ಸೇರಿಸಿ ಒಂದು ಕಿರುಚಿತ್ರ ತೆಗೆದಿದ್ದಾರೆ. ಅದರ ಆರಂಭದಲ್ಲಿ 45 ಸೆಕೆಂಡಿನ ನಿರೂಪಣೆ. ಕೆಳಗೆ ಪಿಟೀಲು, ಕೊಳಲು, ಹಿಂದೆ ಸಣ್ಣಗೆ ತಮಟೆ. ಹುಡುಗರಿಗೆ ಸ್ಫೂರ್ತಿ ಯಾವುದು ಅಂತ ಬೇರೆ ಹೇಳಬೇಕೇ? 2018ರ ‘ಕೆ.ಜಿ.ಎಫ್.’ನಲ್ಲಿ ಅನಂತನಾಗ್ ಕಥೆ ಹೇಳುವ ದನಿ, ಅದರ ಸುತ್ತ ರವಿ ಬಸ್ರೂರು ಸಂಗೀತ! ಮಳವಳ್ಳಿ ಸೀಮೆಯ ಹುಡುಗರಿಗೆ ಅದರ ಮೇಲೆ ಹಕ್ಕೂ ಇದೆ ಅನ್ನಿ. ಯಾಕಂದರೆ ಕೋಲಾರದ ಆ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹೋದದ್ದು ಇವರ ಶಿವನಸಮುದ್ರದಿಂದಲೇ.

ಇವರ ನಿರೂಪಣೆಯಲ್ಲಿ ಐದೇ ವಾಕ್ಯ. ಅದನ್ನು ಹಾಗೇ ಕೊಡುತ್ತೇನೆ, ಮುಂದೆ ಬೇಕಾಗುತ್ತದೆ.

ಒಂದು: “1902. ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ ಕಾವೇರಿ ಕರೆಂಟಾದಳು.”
ಎರಡು: “ಆ ಕರೆಂಟು ಮೊದಲು ಹೋದದ್ದು ನಮ್ಮ ಹಳ್ಳಿಗಳಿಗಲ್ಲ.”
ಮೂರು: “ಕೋಲಾರದ ಚಿನ್ನದ ಗಣಿಗೆ.”
ನಾಲ್ಕು: “1933. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು.”
ಐದು: “1938. ನಿಷೇಧವಿದ್ದರೂ ಮದ್ದೂರಿನ ಶಿವಪುರದಲ್ಲಿ ಜನ ಬಾವುಟ ಹಾರಿಸಿದರು.”

ಚೆನ್ನಾಗಿದೆ, ಚಿಕ್ಕದಾಗಿದೆ. ಊರಿನ ಸಭಾಂಗಣವೊಂದರಲ್ಲಿ ಹಾಕಿ ತೋರಿಸಿದರು. ಚಪ್ಪಾಳೆಯೂ ಬಿತ್ತು. ಆಮೇಲೆ ಒಬ್ಬ ಹಿರಿಯರು ಎದ್ದು ನಿಂತು ಜಗಳಕ್ಕೇ ಬಂದರಂತೆ!

“ಏನ್ರಪ್ಪಾ, 1902ರಲ್ಲೇ ನಮ್ ಹಳ್ಳಿಗೆ ಕರೆಂಟ್ ಬಂತು ಅಂತ ಹೇಳ್ತಿದ್ದೀರಲ್ಲ? ನಮ್ಮಪ್ಪ ಬುಡ್ಡಿ ದೀಪದಲ್ಲಿ ಓದಿದ್ದು ಸುಳ್ಳಾ?”

“ಇಲ್ಲ ತಾತ, ‘ಹಳ್ಳಿಗಳಿಗಲ್ಲ’ ಅಂತಾನೇ ಹೇಳಿರೋದು.”

“ಎಲ್ಲಿ ಹೇಳಿದ್ಯಪ್ಪಾ? ‘ಹಳ್ಳಿಗಳಿಗೆ, ಕೋಲಾರದ ಗಣಿಗೆ’ ಅಂತ ನನ್ ಕಿವೀಲೇ ಕೇಳಿದ್ನಲ್ಲ!”

ಅಕ್ಕಪಕ್ಕದಲ್ಲಿ ಕೂತಿದ್ದವರೂ ಹೌದು ಹೌದು ಅಂದರಂತೆ. ಚಿತ್ರದ ಹುಡುಗರು ಹೇಳಬೇಕಾದದ್ದು ಒಂದು ಅನ್ಯಾಯದ ಮಾತು: ನಮ್ಮ ನದಿ, ನಮ್ಮ ನೀರು, ಆದರೆ ಬೆಳಕು ಮೊದಲು ನಮಗೆ ಬರಲಿಲ್ಲ ಅಂತ. ಜನ ಕೇಳಿಸಿಕೊಂಡದ್ದು ಅದರ ತದ್ವಿರುದ್ಧ. ಇಡೀ ಚಿತ್ರದ ಹುರುಳು ಒಂದು ‘ಅಲ್ಲ’ದ ಮೇಲೆ ನಿಂತಿತ್ತು. ಆ ‘ಅಲ್ಲ’ವನ್ನು ಪಿಟೀಲು ನುಂಗಿ ನೀರು ಕುಡಿದಿತ್ತು!

ಅವರು ಕಳಿಸಿದ ಫೈಲನ್ನು ನಾನು ಮೂರು ಸಲ ಕೇಳಿದೆ. ತಾತ ಹೇಳಿದ್ದು ಸರಿಯೇ. ‘ಹಳ್ಳಿಗಳಿಗ’ ತನಕ ಮಾತು ಸ್ಪಷ್ಟ. ‘ಅಲ್ಲ’ ಬರುವ ಹೊತ್ತಿಗೆ ಪಿಟೀಲು ಸುಂಯ್ ಅಂತ ಮೇಲೆದ್ದಿದೆ. ಫೋನ್ ಮಾಡಿ ಕೇಳಿದೆ, ಸಂಗೀತ ಇಳಿಸಿದ್ದು ಹೇಗಪ್ಪಾ ಅಂತ.

“ಮೊಬೈಲಲ್ಲೇ ಎಡಿಟ್ ಮಾಡಿದ್ದು ಕಣಣ್ಣ. ಮಾತು ಬಂದಾಗ ಮ್ಯೂಸಿಕ್ಕು ತಾನಾಗೇ ಇಳಿಯೋ ಬಟನ್ ಐತೆ. ಅದುನ್ನ ಒತ್ಬುಟ್ವಿ.”

ಬಟನ್ನಿನ ತಪ್ಪೇನೂ ಇಲ್ಲ. ಅದಕ್ಕೆ ಕನ್ನಡ ಬರುವುದಿಲ್ಲ, ಅಷ್ಟೆ! ತಮಾಷೆ ಅಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಅದು ಹೇಗೆ ಅಂತ ಕೇಳಿ.

ತಾನಾಗಿ ಇಳಿಸುವ ಯಂತ್ರ ಮಾತಿನ ಅರ್ಥ ನೋಡುವುದಿಲ್ಲ, ಮಾತಿನ ಜೋರು ನೋಡುತ್ತದೆ. ದನಿ ಒಂದು ಗೆರೆಗಿಂತ ಮೇಲಿದ್ದರೆ ‘ಮಾತು ನಡೆಯುತ್ತಿದೆ, ಸಂಗೀತ ಇಳಿಯಲಿ’ ಅನ್ನುತ್ತದೆ. ದನಿ ಆ ಗೆರೆಗಿಂತ ಕೆಳಗೆ ಬಂದರೆ ‘ಮಾತು ಮುಗಿಯಿತು, ಸಂಗೀತ ಏಳಲಿ’ ಅನ್ನುತ್ತದೆ. ಈಗ ನೀವೇ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಿ ನೋಡಿ. ವಾಕ್ಯದ ಕೊನೆಗೆ ಬಂದಂತೆ ಉಸಿರು ಕಡಿಮೆಯಾಗುತ್ತದೆ, ದನಿ ತಾನಾಗಿ ಇಳಿಯುತ್ತದೆ. ಎಲ್ಲ ಭಾಷೆಯಲ್ಲೂ ಹೆಚ್ಚುಕಡಿಮೆ ಹೀಗೇ. ಆದರೆ ಇಂಗ್ಲಿಷಿನವರು ‘ನಾಟ್’ ಎಂಬುದನ್ನು ವಾಕ್ಯದ ನಡುವೆಯೇ ಹೇಳಿ ಮುಗಿಸಿರುತ್ತಾರೆ. ನಾವು? ಬಂದ, ಬರಲಿಲ್ಲ, ಕೊಟ್ಟಿದ್ದಾರೆ, ಕೊಟ್ಟಿಲ್ಲ, ಹೌದು, ಅಲ್ಲ — ಎಲ್ಲವನ್ನೂ ಕಟ್ಟಕಡೆಗೆ ಇಟ್ಟುಕೊಳ್ಳುತ್ತೇವೆ. ದನಿ ಸಣ್ಣಗಾಗುವ ಜಾಗದಲ್ಲೇ ನಮ್ಮ ಕ್ರಿಯಾಪದ ಕೂತಿರುತ್ತದೆ. ಯಂತ್ರ ಮಾತು ಮುಗಿಯಿತು ಅಂದುಕೊಳ್ಳುವ ಗಳಿಗೆಯಲ್ಲಿ ನಮ್ಮ ಮಾತಿನ ಅರ್ಥ ಇನ್ನೂ ಬರಬೇಕಾಗಿರುತ್ತದೆ! ‘ಬರಲಿಲ್ಲ’ ಎಂಬುದು ‘ಬರಲಿ’ ಆಗಲು ಅರ್ಧ ಸೆಕೆಂಡು ಸಾಕು.

ಆದ್ದರಿಂದ ಕನ್ನಡ ನಿರೂಪಣೆ ಮಾಡುವವರು ಮೊದಲು ನೆನಪಿಡಬೇಕಾದ್ದು ಇದು: ಕೊನೆಯ ಅಕ್ಷರ ಪೂರ್ತಿ ಮುಗಿಯುವ ತನಕ ಸಂಗೀತ ಏಳಕೂಡದು. ಮುಗಿದ ಮೇಲೂ ಒಂದು ಕಣ್ಣುಮಿಟುಕಿನಷ್ಟು, ಅಂದರೆ ಸುಮಾರು 0.3 ಸೆಕೆಂಡು, ಕಾಯಬೇಕು.

ಅದೇ ಫೈಲಿನಲ್ಲಿ ಇನ್ನೆರಡು ತೊಂದರೆ ಇದ್ದವು. ಮೊದಲನೆಯದು ವಾಕ್ಯದ ತಲೆಯಲ್ಲಿ. ‘ಸಾವಿರದ ಒಂಬೈನೂರ ಎರಡು’ ಎಂಬುದು ‘...ವಿರದ ಒಂಬೈನೂರ ಎರಡು’ ಅಂತ ಕೇಳುತ್ತದೆ. ಮಾತು ಶುರುವಾದ ಮೇಲೆ ಯಂತ್ರ ಎಚ್ಚೆತ್ತು ಸಂಗೀತ ಇಳಿಸುತ್ತದೆ; ಅಷ್ಟರಲ್ಲಿ ‘ಸಾ’ ಹೋಗಿಬಿಟ್ಟಿರುತ್ತದೆ. ಎರಡನೆಯದು ನಡುವೆ. ಒಂದನೇ ವಾಕ್ಯಕ್ಕೂ ಎರಡನೇ ವಾಕ್ಯಕ್ಕೂ ನಡುವೆ ಇರುವುದು 0.8 ಸೆಕೆಂಡು, ಬರೀ ಉಸಿರೆಳೆದುಕೊಳ್ಳುವಷ್ಟು. ಅಷ್ಟರಲ್ಲೇ ಸಂಗೀತ ಗಬಕ್ಕನೆ ಎದ್ದು, ದಬಕ್ಕನೆ ಬೀಳುತ್ತದೆ. ಕಮ್ಮಾರನ ತಿದಿ ಊದಿದ ಹಾಗೆ! ಸ್ಟುಡಿಯೋದವರು ಇದನ್ನು ‘ಪಂಪಿಂಗ್’ ಅನ್ನುತ್ತಾರೆ. ಯಾಕೆ ಅಂತ ಕೇಳುಗನಿಗೆ ಗೊತ್ತಾಗದಿದ್ದರೂ ಕಿವಿಗೆ ಸುಸ್ತಾಗುತ್ತದೆ.

ಹಾಗಾದರೆ ಯಂತ್ರ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡುತ್ತಿದ್ದರು? ಅದನ್ನು ತಿಳಿದರೆ ಈಗಿನ ಕೆಲಸ ಅರ್ಧ ಸಲೀಸು.

ರೀಲಿನ ಕಾಲದ ರೀ-ರೆಕಾರ್ಡಿಂಗ್ ಥಿಯೇಟರಿನಲ್ಲಿ ಮಾತು ಒಂದು ರೀಲಿನಲ್ಲಿ, ಸಂಗೀತ ಇನ್ನೊಂದರಲ್ಲಿ, ಬಾಗಿಲು-ಬಂಡಿ-ಗುಂಡಿನ ಸದ್ದು ಮತ್ತೊಂದರಲ್ಲಿ. ಎಲ್ಲವೂ ಪರದೆಯ ಮೇಲಿನ ಚಿತ್ರದ ಜೊತೆ ಒಟ್ಟಿಗೆ ಓಡುತ್ತಿದ್ದವು. ಬಹುಕಾಲ ನಮ್ಮ ಚಿತ್ರಗಳು ಈ ಕೆಲಸಕ್ಕೆ ಮದರಾಸಿಗೆ ಹೋಗುತ್ತಿದ್ದವು. 1980ರ ದಶಕದಲ್ಲಿ ಶಂಕರ್‌ನಾಗ್-ಅನಂತನಾಗ್ ಸೋದರರು ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದ್ದೂ ಕನ್ನಡದ ಸದ್ದಿನ ಕೆಲಸ ಕನ್ನಡ ನಾಡಿನಲ್ಲೇ ಆಗಲಿ ಅಂತ.

ಮಿಕ್ಸ್ ಮಾಡುವಾತನ ಮುಂದೆ ಒಂದು ಕಾಗದ ಇರುತ್ತಿತ್ತು, ಕ್ಯೂ ಶೀಟು. ಎಷ್ಟನೇ ಅಡಿಯಲ್ಲಿ ಮಾತು ಶುರು, ಎಷ್ಟನೇ ಅಡಿಯಲ್ಲಿ ಮುಗಿತಾಯ ಅಂತ ಅದರಲ್ಲಿ ಬರೆದಿರುತ್ತಿತ್ತು. 35 ಎಂ.ಎಂ. ಫಿಲಂ ಸೆಕೆಂಡಿಗೆ 24 ಫ್ರೇಮು ಓಡುತ್ತದೆ. ಒಂದು ಅಡಿಗೆ 16 ಫ್ರೇಮು. ಅಂದರೆ ಸೆಕೆಂಡಿಗೆ ಒಂದೂವರೆ ಅಡಿ. ಮಾತು ಬರುವುದಕ್ಕೆ ಅರ್ಧ ಸೆಕೆಂಡು ಮೊದಲು ಸಂಗೀತ ಇಳಿಯಬೇಕಾದರೆ ಮುಕ್ಕಾಲು ಅಡಿ ಮೊದಲೇ ಕೈ ಕೆಳಕ್ಕೆ ಹೊರಡಬೇಕು. ಆತ ಮಾತು ಬಂದ ಮೇಲೆ ಇಳಿಸುವವನಲ್ಲ. ಮಾತು ಬರುತ್ತದೆ ಅಂತ ಮೊದಲೇ ಗೊತ್ತಿದ್ದು ಇಳಿಸುವವನು. ಕಾಗದ ಇರುವುದೇ ಅದಕ್ಕೆ.

ಈಗ ನಮ್ಮ ಹುಡುಗರ 45 ಸೆಕೆಂಡನ್ನೇ ತೆಗೆದುಕೊಂಡು ಕೈಯಾರೆ ಸರಿಮಾಡೋಣ. ಕಂಪ್ಯೂಟರಿನಲ್ಲಿ Audacity ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದ್ದರೆ ಸಾಕು. ಮೊದಲು ಕ್ಯೂ ಶೀಟು ಬರೆಯಿರಿ, ನಮ್ಮ ಹಿರಿಯರ ಹಾಗೆ. ಮಾತಿನ ಫೈಲು ಕೇಳಿ ಗುರುತು ಹಾಕಿದಾಗ ಸಿಕ್ಕಿದ್ದು ಹೀಗೆ: ಮೊದಲ 5 ಸೆಕೆಂಡು ಬರೀ ಸಂಗೀತ. ಒಂದನೇ ವಾಕ್ಯ 5ರಿಂದ 11ನೇ ಸೆಕೆಂಡಿನ ತನಕ. ಎರಡನೆಯದು 11.8ರಿಂದ 15.8. ಮೂರನೆಯದು 17ರಿಂದ 19. ನಾಲ್ಕನೆಯದು 23ರಿಂದ 29. ಐದನೆಯದು 33ರಿಂದ 39. ಉಳಿದದ್ದು ಸಂಗೀತ.

ಈಗ ನಡುವಿನ ಬಿಡುವುಗಳನ್ನು ನೋಡಿ. ನಾಲ್ಕಿವೆ. ಮೊದಲನೆಯದು 0.8 ಸೆಕೆಂಡು, ಎರಡನೆಯದು 1.2, ಆಮೇಲಿನ ಎರಡೂ ನಾಲ್ಕು ನಾಲ್ಕು ಸೆಕೆಂಡು. ಎಲ್ಲ ಬಿಡುವಿನಲ್ಲೂ ಸಂಗೀತ ಏಳಬೇಕೇ? ಬೇಡ! ಇದೇ ಈ ಕೆಲಸದ ಗುಟ್ಟು. ಸಂಗೀತ ಮೇಲೇರಲು ಒಂದು ಹೊತ್ತು ಬೇಕು, ಇಳಿಯಲು ಒಂದು ಹೊತ್ತು ಬೇಕು, ಮೇಲೆ ನಿಂತು ಉಸಿರಾಡಲು ಒಂದು ಹೊತ್ತು ಬೇಕು. ಈ ಮೂರಕ್ಕೂ ಜಾಗವಿಲ್ಲದ ಬಿಡುವಿನಲ್ಲಿ ಅದು ಕೆಳಗೇ ಇರಲಿ. 2 ಸೆಕೆಂಡಿಗಿಂತ ಕಡಿಮೆ ಬಿಡುವನ್ನು ಮಾತಿನ ಭಾಗ ಅಂತಲೇ ಎಣಿಸಿ. ಹಾಗಾಗಿ ನಮ್ಮ ಮೊದಲ ಮೂರು ವಾಕ್ಯ, 5ನೇ ಸೆಕೆಂಡಿನಿಂದ 19ರ ತನಕ, ಒಂದೇ ಉದ್ದದ ಮಾತು. ‘ಹಳ್ಳಿಗಳಿಗಲ್ಲ’ ಆದ ಮೇಲಿನ ಆ 1.2 ಸೆಕೆಂಡಿನ ಮೌನವನ್ನು ಖಾಲಿ ಬಿಡಿ. ಸಭಿಕ ‘ಮತ್ತೆ ಎಲ್ಲಿಗೆ ಹೋಯ್ತು?’ ಅಂತ ತನ್ನೊಳಗೆ ಕೇಳಿಕೊಳ್ಳುವ ಹೊತ್ತು ಅದು. ಅಲ್ಲಿ ಪಿಟೀಲು ಬಂದು ಉತ್ತರ ಹೇಳಬಾರದು.

ಈಗ 19ರಿಂದ 23ರ ನಡುವಿನ ನಾಲ್ಕು ಸೆಕೆಂಡು. ಇಲ್ಲಿ ಸಂಗೀತ ಏಳಬೇಕು, ಯಾಕಂದರೆ ಮಳವಳ್ಳಿ ಸೀಮೆ ಬಿಟ್ಟು ಮಂಡ್ಯಕ್ಕೆ ಬರುತ್ತಿದ್ದೇವೆ, ಪರದೆಯ ಮೇಲೂ ಊರು ಬದಲಾಗುತ್ತಿದೆ. Audacityಯ Envelope Tool ತೆಗೆದುಕೊಂಡು ಸಂಗೀತದ ಪಟ್ಟಿಯ ಮೇಲೆ ನಾಲ್ಕು ಚುಕ್ಕಿ ಇಡಿ. ಮೊದಲ ಚುಕ್ಕಿ 19.3ರಲ್ಲಿ, ಇಲ್ಲಿ ಸಂಗೀತ ಇನ್ನೂ ಕೆಳಗೇ ಇದೆ. ಎರಡನೆಯದು 20.8ರಲ್ಲಿ, ಇಲ್ಲಿ ಮೇಲೆ ಬಂದಿದೆ. ಅಂದರೆ ಏರಲು ಒಂದೂವರೆ ಸೆಕೆಂಡು. ಮೂರನೆಯದು 22.3ರಲ್ಲಿ, ಇಲ್ಲಿಯ ತನಕ ಮೇಲೇ. ನಾಲ್ಕನೆಯದು 22.8ರಲ್ಲಿ, ಇಲ್ಲಿ ಪೂರ್ತಿ ಕೆಳಗೆ. ಇಳಿಯಲು ಅರ್ಧ ಸೆಕೆಂಡು. ಮಾತು ಶುರುವಾಗುವುದು 23ಕ್ಕೆ, ಅದಕ್ಕೆ 0.2 ಸೆಕೆಂಡು ಮೊದಲೇ ದಾರಿ ಖಾಲಿ.

ನೋಡಿದಿರಾ? ಏರುವುದು ನಿಧಾನ, ಇಳಿಯುವುದು ಬೇಗ. ಇಳಿಯುವಾಗ ಕೇಳುಗನ ಗಮನ ಮುಂದೆ ಬರುವ ಮಾತಿನ ಕಡೆ ಇರುತ್ತದೆ, ಬೇಗ ಇಳಿದರೂ ಅವನಿಗೆ ಗೊತ್ತಾಗುವುದಿಲ್ಲ. ಏರುವಾಗ ಮಾತಿಲ್ಲ, ಕಿವಿ ಖಾಲಿ ಇರುತ್ತದೆ. ಅಲ್ಲಿ ಆತುರ ಮಾಡಿದರೆ ಯಾರೋ ಗುಂಡಿ ತಿರುಗಿಸಿದರು ಅಂತ ಪಕ್ಕನೆ ಕಾಣಿಸುತ್ತದೆ.

ಇನ್ನೊಂದು ಮಾತು, ‘ಸಹಜವಾಗಿ’ ಏರುವುದು ಅಂದರೆ ಏನು? ಸಂಗೀತಕ್ಕೂ ವಾಕ್ಯ ಇರುತ್ತದೆ. ಕೊಳಲು ಒಂದು ಸಾಲು ಹಿಡಿದು ಮುಗಿಸುತ್ತದೆ, ಮತ್ತೆ ಹೊಸ ಸಾಲು ಹಿಡಿಯುತ್ತದೆ. ಸಾಲಿನ ನಡುವೆ ಸದ್ದು ಏರಿಸಿದರೆ ಬಾಗಿಲು ತೆಗೆದಾಗ ಒಳಗಿನವರ ಅರ್ಧ ಮಾತು ಕೇಳಿದ ಹಾಗಿರುತ್ತದೆ. ಹೊಸ ಸಾಲು ಹಿಡಿಯುವ ಜಾಗಕ್ಕೇ ಏರಿಕೆ ಸೇರಿದರೆ, ವಾದ್ಯದವನೇ ಜೋರು ಮಾಡಿ ನುಡಿಸಿದ ಹಾಗಿರುತ್ತದೆ. ನಮ್ಮ ಹುಡುಗರ ಸಂಗೀತದಲ್ಲಿ ಕೊಳಲು ಹೊಸ ಸಾಲು ಹಿಡಿಯುವುದು 20.4ರಲ್ಲಿ. ಅದು ಏರಿಕೆಯ ಹೊತ್ತಿಗೇ ಬರುತ್ತದೆ, ಅದೃಷ್ಟ. ಆದರೆ ಮುಂದಿನ ಬಿಡುವಿನಲ್ಲಿ, 29ರಿಂದ 33ರ ನಡುವೆ, ಹೊಸ ಸಾಲು ಬರುವುದು 31.6ಕ್ಕೆ. ಏರಿಕೆ ಮುಗಿಯುವುದು 30.8ಕ್ಕೆ. ಮೇಲೆ ಬಂದ ಸಂಗೀತಕ್ಕೆ ಹೇಳಲು ಏನೂ ಇಲ್ಲದೆ ನಿಂತುಬಿಡುತ್ತದೆ. ಅದಕ್ಕೆ ಉಪಾಯ ಏನು? ಸಂಗೀತವನ್ನು ಕತ್ತರಿಸಬೇಡಿ, ಮಾತನ್ನು ಸರಿಸಿ. ನಾಲ್ಕನೇ ಮತ್ತು ಐದನೇ ವಾಕ್ಯವನ್ನು ತಲಾ 0.8 ಸೆಕೆಂಡು ಮುಂದಕ್ಕೆ ತಳ್ಳಿದರೆ ಏರಿಕೆ 31.6ಕ್ಕೆ ಸರಿಯಾಗಿ ಮುಗಿಯುತ್ತದೆ, ಮಂಡ್ಯಕ್ಕೆ ಬರುವ ಮೊದಲಿನ ಬಿಡುವು 4.8 ಸೆಕೆಂಡು ಆಗುತ್ತದೆ. ನಾಲ್ಕನೇ ವಾಕ್ಯ ಈಗ ಶುರುವಾಗುವುದು 23.8ಕ್ಕೆ, ಹಾಗಾಗಿ ಹಿಂದೆ ಹೇಳಿದ ಮೂರನೇ, ನಾಲ್ಕನೇ ಚುಕ್ಕಿಗಳನ್ನೂ 0.8 ಮುಂದಕ್ಕೆ ಸರಿಸಿ. ಚಿತ್ರದ ಮೇಲೆ ತುಟಿ ಅಲುಗಾಟ ಇಲ್ಲದ್ದರಿಂದ ನಿರೂಪಣೆಯನ್ನು ಹೀಗೆ ಸರಿಸುವ ಸ್ವಾತಂತ್ರ್ಯ ನಮಗಿದೆ. ಸಂಭಾಷಣೆಗೆ ಆ ಭಾಗ್ಯ ಇಲ್ಲ.

ಸರಿ, ಎಷ್ಟು ಇಳಿಸಬೇಕು? ಇದಕ್ಕೆ ಲೆಕ್ಕ ಡೆಸಿಬೆಲ್‌ನಲ್ಲಿ. ಹೆದರಬೇಡಿ, ಎರಡೇ ಅಂಕಿ ಸಾಕು. 6 ಡೆಸಿಬೆಲ್ ಇಳಿಸಿದರೆ ಅಲೆಯ ಎತ್ತರ ಅರ್ಧವಾಗುತ್ತದೆ, 12 ಇಳಿಸಿದರೆ ಕಾಲು ಭಾಗ. ಹುಡುಗರ ಮಾತಿನ ಎತ್ತರದ ಜಾಗ ಮೈನಸ್ 6 ಡೆಸಿಬೆಲ್‌ನಲ್ಲಿದೆ ಅಂತಿಟ್ಟುಕೊಳ್ಳಿ. ಒಂಟಿಯಾಗಿರುವಾಗ ಸಂಗೀತ ಮೈನಸ್ 10ರಲ್ಲಿರಲಿ, ಅಂದರೆ ಮಾತಿಗಿಂತ ಸ್ವಲ್ಪವೇ ಕಡಿಮೆ. ಮಾತು ಬಂದಾಗ ಅದನ್ನು ಇನ್ನೂ 14 ಇಳಿಸಿ ಮೈನಸ್ 24ಕ್ಕೆ ತನ್ನಿ. ಈಗ ಮಾತಿಗೂ ಸಂಗೀತಕ್ಕೂ 18 ಡೆಸಿಬೆಲ್ ಅಂತರ. ವೆಬ್‌ಸೈಟುಗಳು ಎಲ್ಲರಿಗೂ ನಿಲುಕುವಂತಿರಬೇಕು ಅಂತ 2008ರಲ್ಲಿ ಜಗತ್ತಿಗೆಲ್ಲ ಒಂದು ಮಾರ್ಗಸೂಚಿ ಬಂತು. ಅದರ ಅತ್ಯುನ್ನತ ದರ್ಜೆಯಲ್ಲಿ, ಮಾತಿನ ಹಿನ್ನೆಲೆಯ ಸದ್ದು ಮಾತಿಗಿಂತ ಕಡೇಪಕ್ಷ 20 ಡೆಸಿಬೆಲ್ ಕೆಳಗಿರಬೇಕು ಅಂತಿದೆ. ಕಿವಿ ಮಂದವಾದವರಿಗೂ ಕೇಳಲಿ ಅಂತ. ನಾವು ಅದರ ಹತ್ತಿರ ಬಂದಿದ್ದೇವೆ. ಸಭೆಯಲ್ಲಿ ತಾತಂದಿರು ಹೆಚ್ಚಿದ್ದರೆ ಆ ಎರಡು ಡೆಸಿಬೆಲ್ಲನ್ನೂ ಕೊಟ್ಟುಬಿಡಿ!

ಇಲ್ಲೊಂದು ಸೂಕ್ಷ್ಮವಿದೆ. ಎಲ್ಲ ವಾದ್ಯವೂ ಮಾತಿಗೆ ಒಂದೇ ತರಹ ಅಡ್ಡ ಬರುವುದಿಲ್ಲ. ಕ, ತ, ಚ, ಸ ಮುಂತಾದ ವ್ಯಂಜನಗಳಿಂದಲೇ ಮಾತು ಬಿಡಿಬಿಡಿಯಾಗಿ ತಿಳಿಯುವುದು. ಅವುಗಳ ಗುರುತು ಬಹುಪಾಲು 1,000 ಹರ್ಟ್ಜ್‌ನಿಂದ ಮೇಲೆ ಇರುತ್ತದೆ. ಪಿಟೀಲಿನ ಮೇಲಿನ ಸ್ವರಗಳು, ನಾಗಸ್ವರ, ಶಹನಾಯಿ ಎಲ್ಲವೂ ಅದೇ ಓಣಿಯಲ್ಲಿ ಓಡಾಡುವಂಥವು. ತಂಬೂರಿಯ ಕೆಳಗಿನ ಶ್ರುತಿ, ಮೆಲ್ಲಗೆ ಬಡಿದ ದೊಡ್ಡ ಡೋಲು ಮಾತಿನ ದಾರಿಗೆ ಅಷ್ಟಾಗಿ ಬರುವುದಿಲ್ಲ. ನಮ್ಮ ಹುಡುಗರ ‘ಅಲ್ಲ’ವನ್ನು ನುಂಗಿದ್ದು ತಮಟೆಯಲ್ಲ, ಪಿಟೀಲು. ಅನುಭವವಿರುವ ಸಂಗೀತ ನಿರ್ದೇಶಕರು ಇದನ್ನು ಬರೆಯುವಾಗಲೇ ನೋಡಿಕೊಳ್ಳುತ್ತಾರೆ; ಮಾತಿನ ಕೆಳಗೆ ನಿಂತ ಸ್ವರ, ಮಾತು ನಿಂತಾಗ ರಾಗ. ಹಾಗೆ ಬರೆದ ಸಂಗೀತವನ್ನು ಅಷ್ಟೊಂದು ಇಳಿಸುವ ಅಗತ್ಯವೇ ಬೀಳುವುದಿಲ್ಲ. ನೀವು ಸಿದ್ಧ ಸಂಗೀತ ಹಾಕುವವರಾದರೆ ಒಂದು ಮಾತು: ಹಾಡುಗಾರಿಕೆ ಇರುವ ತುಣುಕನ್ನು ಮಾತಿನ ಕೆಳಗೆ ಹಾಕಲೇಬೇಡಿ. ಒಂದು ಮಾತಿನ ಕೆಳಗೆ ಇನ್ನೊಂದು ಮಾತು ಬಂದರೆ ಕಿವಿ ಎರಡರ ಹಿಂದೆಯೂ ಓಡುತ್ತದೆ.

“ಅಷ್ಟೊಂದು ಚುಕ್ಕಿ ಇಡೋಕೆ ಟೈಮ್ ಎಲ್ಲೈತಣ್ಣ? 45 ಸೆಕೆಂಡ್ ಆದ್ರೆ ಸೈ, ಅರ್ಧ ಗಂಟೆ ನಿರೂಪಣೆ ಇದ್ರೆ?” ಅಂತ ಮದ್ದೂರಿನವನು ಕೇಳಿದ. ನ್ಯಾಯವಾದ ಪ್ರಶ್ನೆ. ಯಂತ್ರಕ್ಕೇ ಹೇಳೋಣ, ಆದರೆ ಕನ್ನಡ ಕಲಿಸಿ ಹೇಳೋಣ.

Audacityಯ 3ನೇ ಸರಣಿಯಲ್ಲಿ Auto Duck ಎಂಬ ಎಫೆಕ್ಟ್ ಇದೆ. ಸಂಗೀತದ ಪಟ್ಟಿ ಮೇಲೆ, ಮಾತಿನ ಪಟ್ಟಿ ಅದರ ಕೆಳಗೇ ಇರಬೇಕು. ಸಂಗೀತವನ್ನು ಮಾತ್ರ ಆರಿಸಿಕೊಂಡು ಅದನ್ನು ತೆರೆಯಿರಿ. Duck amount ಎಂಬಲ್ಲಿ ಎಷ್ಟು ಇಳಿಯಬೇಕು ಅಂತ ಬರೆಯಬೇಕು: ಮೈನಸ್ 14. Outer fade down ಮಾತಿಗೆ ಮೊದಲು ಇಳಿಯುವ ಹೊತ್ತು: 0.5. ಇದು ಮುಂಚೆಯೇ ಮಾತನ್ನು ನೋಡಿಕೊಂಡು ಇಳಿಯುತ್ತದೆ, ಹಾಗಾಗಿ ‘ಸಾವಿರ’ದ ‘ಸಾ’ ಉಳಿಯುತ್ತದೆ. Outer fade up ಮಾತಾದ ಮೇಲೆ ಏರುವ ಹೊತ್ತು: 1.5. Maximum pause ಎಂದರೆ ಎಷ್ಟು ಸಣ್ಣ ಬಿಡುವನ್ನು ಬಿಡುವಲ್ಲ ಅಂತ ಬಿಟ್ಟುಬಿಡಬೇಕು ಎಂಬುದು: 2 ಸೆಕೆಂಡು. ತಿದಿ ಊದುವುದು ಇಲ್ಲಿಗೆ ನಿಂತಿತು.

ಉಳಿದದ್ದು Threshold, ಅದೇ ನಾನು ಹೇಳಿದ ಗೆರೆ. ಸಾಫ್ಟ್‌ವೇರ್ ತಾನಾಗಿ ಕೊಡುವುದು ಮೈನಸ್ 30. ಕನ್ನಡದ ವಾಕ್ಯದ ಬಾಲಕ್ಕೆ ಅದು ಎತ್ತರವಾಯಿತು. ಮೈನಸ್ 40ಕ್ಕೆ ಇಳಿಸಿ. ಆಗ ಸಣ್ಣಗೆ ಹೇಳಿದ ‘ಅಲ್ಲ’ವೂ ಮಾತು ಅಂತಲೇ ಲೆಕ್ಕಕ್ಕೆ ಬರುತ್ತದೆ. ಆದರೆ ಇಲ್ಲೊಂದು ಗಂಟಿದೆ. ಮಾತು ರೆಕಾರ್ಡ್ ಮಾಡುವಾಗ ತಲೆಯ ಮೇಲೆ ಫ್ಯಾನು ಓಡುತ್ತಿದ್ದರೆ ಆ ಫ್ಯಾನಿನ ಸದ್ದೂ ಮೈನಸ್ 40ಕ್ಕಿಂತ ಮೇಲಿರಬಹುದು. ಆಗ ಯಂತ್ರ ಫ್ಯಾನನ್ನೂ ಮಾತು ಅಂದುಕೊಳ್ಳುತ್ತದೆ, ಸಂಗೀತ ಇಳಿದದ್ದು ಮತ್ತೆ ಏಳುವುದೇ ಇಲ್ಲ! ನಿಮ್ಮ ಮಿಕ್ಸಿನಲ್ಲಿ ಸಂಗೀತ ಕೊನೆಯ ತನಕ ಮಲಗೇ ಇದ್ದರೆ ಮೊದಲು ಅನುಮಾನಿಸಬೇಕಾದ್ದು ಫ್ಯಾನನ್ನು. ಅದನ್ನು ಆರಿಸಿ ಮತ್ತೆ ರೆಕಾರ್ಡ್ ಮಾಡಿ. ಆಗದಿದ್ದರೆ ಮಾತಿನ ಪಟ್ಟಿಯಲ್ಲಿ ಬಿಡುವುಗಳ ಜಾಗವನ್ನು ಮಾತ್ರ ನಿಶ್ಶಬ್ದ ಮಾಡಿ, ಆಮೇಲೆ ಎಫೆಕ್ಟ್ ಓಡಿಸಿ. ಇಷ್ಟು ಮಾಡಿದರೂ ಯಂತ್ರ 0.3 ಸೆಕೆಂಡು ಕಾಯುವುದಿಲ್ಲ, ಕೊಳಲಿನ ಸಾಲೂ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಅರ್ಧ ಗಂಟೆಯ ಕೆಲಸವನ್ನು ಅದಕ್ಕೆ ಬಿಟ್ಟು, ‘ಇಲ್ಲ-ಅಲ್ಲ-ಬೇಡ’ದಿಂದ ಮುಗಿಯುವ ವಾಕ್ಯಗಳನ್ನು ಮಾತ್ರ ಒಂದೊಂದಾಗಿ ನೀವೇ ಕೇಳಿ ತಿದ್ದಿ.

ಕೊನೆಗೆ, ಎಲ್ಲಿ ಕೇಳಿಸುತ್ತೀರಿ ಎಂಬುದೂ ಮುಖ್ಯ. ಹೆಡ್‌ಫೋನಿನಲ್ಲಿ ಸರಿ ಕಂಡದ್ದು ಕಲ್ಯಾಣ ಮಂಟಪದಲ್ಲಿ ಸರಿ ಇರಬೇಕೆಂದಿಲ್ಲ. ಬೋಳು ಗೋಡೆಯ ದೊಡ್ಡ ಹಾಲಿನಲ್ಲಿ ಸಂಗೀತ ಇಳಿದ ಮೇಲೂ ಅದರ ಪ್ರತಿಧ್ವನಿ ಸುತ್ತುತ್ತಿರುತ್ತದೆ. ಅಂಥ ಕಡೆಗೆ ಅರ್ಧ ಸೆಕೆಂಡಿನ ಬದಲು ಒಂದು ಸೆಕೆಂಡು ಮೊದಲೇ ಇಳಿಸಿ. ಆಟೋ ಮೇಲಿನ ಹಾರನ್ ಸ್ಪೀಕರಿನಲ್ಲಿ ಪ್ರಚಾರ ಮಾಡುವುದಾದರೆ ಸಂಗತಿ ಇನ್ನೂ ಬೇರೆ. ಅದರಲ್ಲಿ ತಗ್ಗಿನ ಸ್ವರಗಳು ಹೊರಗೇ ಬರುವುದಿಲ್ಲ, ನಡುವಿನವು ಮಾತ್ರ ಕಿರುಚುತ್ತವೆ. ಅಂದರೆ ಮಾತಿಗೆ ಅಡ್ಡ ಬರುವ ಭಾಗವೇ ಉಳಿಯುತ್ತದೆ! ಮಂಡ್ಯ ಪೇಟೆಯಲ್ಲಿ ಬಸ್ಸಿನ ಹಾರನ್ನಿನ ನಡುವೆ ‘ಸಂಜೆ ಆರು ಗಂಟೆಗೆ’ ಎಂಬುದು ಕೇಳಬೇಕಾದರೆ ಆ ಮಾತಿನ ಕೆಳಗೆ ಸಂಗೀತವನ್ನು ಪೂರ್ತಿ ನಿಲ್ಲಿಸುವುದೇ ಲೇಸು. ಹಾಡು ಬೇಕಾದರೆ ಮಾತಾದ ಮೇಲೆ ಬರಲಿ.

ಇನ್ನು ಪರೀಕ್ಷೆ. ನಿಮ್ಮ ಕಿವಿಯನ್ನು ನಂಬಬೇಡಿ. ಮಾತು ನೀವೇ ಬರೆದದ್ದು. ಸಂಗೀತ ಎಷ್ಟು ಜೋರಿದ್ದರೂ ನಿಮಗೆ ಕೇಳುತ್ತದೆ, ಯಾಕಂದರೆ ಕಿವಿಗಿಂತ ಮೊದಲು ನೆನಪೇ ಅದನ್ನು ಹೇಳಿಬಿಡುತ್ತದೆ. ನಿರೂಪಣೆ ಓದಿರದ ಒಬ್ಬರನ್ನು ಹಿಡಿಯಿರಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ, ಅರ್ಧ ವಾಲ್ಯೂಮಿನಲ್ಲಿ, ಬಸ್ ನಿಲ್ದಾಣದಂಥ ಗದ್ದಲದಲ್ಲಿ ಒಂದೇ ಸಲ ಕೇಳಿಸಿ. ಪ್ರತಿ ವಾಕ್ಯದ ಮೊದಲ ಪದ ಮತ್ತು ಕೊನೆಯ ಪದ ಎರಡನ್ನೇ ಬರೆಯಲು ಹೇಳಿ. ಮೊದಲ ಪದ ತಪ್ಪಿದರೆ ಸಂಗೀತ ತಡವಾಗಿ ಇಳಿಯುತ್ತಿದೆ. ಕೊನೆಯ ಪದ ತಪ್ಪಿದರೆ ಬೇಗ ಏಳುತ್ತಿದೆ. ಎರಡೂ ಸರಿಯಿದ್ದು ನಡುವಿನದು ಏನೆಂದು ಗೊತ್ತಾಗದಿದ್ದರೆ ಇಳಿಸಿದ್ದು ಸಾಲದು, ಇಲ್ಲವೇ ವಾದ್ಯವೇ ತಪ್ಪು.

ಮೂವರೂ ಹೊಸ ಮಿಕ್ಸ್ ಮಾಡಿ ಹೀಗೇ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರಿಗೆ ಕೇಳಿಸಿದರಂತೆ. ಆತ ಬರೆದುಕೊಟ್ಟ ಹತ್ತು ಪದಗಳ ಫೋಟೋ ನನಗೆ ಕಳಿಸಿದ್ದಾರೆ. ಎರಡನೇ ಸಾಲಿನ ಕೊನೆಯಲ್ಲಿ ‘ಹಳ್ಳಿಗಳಿಗಲ್ಲ’ ಅಂತ ದುಂಡಗೆ ಇದೆ. ಅದರ ಕೆಳಗೆ ಕಂಡಕ್ಟರ್ ಸಾಹೇಬರದ್ದೇ ಒಂದು ಪ್ರಶ್ನೆ: “ಮತ್ತೆ ನಮ್ಮ ಹಳ್ಳಿಗೆ ಯಾವಾಗ ಬಂತು?”

ಮುಂದಿನ ವಾರ: ಮಳೆಯ ಸದ್ದಿನಲ್ಲಿ ಸಂಭಾಷಣೆ.